ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲಿ ಸಿಕ್ಕಿಕೊಂಡಿದೆ?

ಬ್ಯಾಕಪ್ ಆಗುತ್ತಿಲ್ಲ ಎಂದು ಯಾರಾದರೂ ಫೋನ್ ಹಿಡಿದುಕೊಂಡು ಬಂದರೆ ನಾನು ಮೊದಲು ನೋಡುವುದು ಪರದೆಯ ಮೇಲೆ ಏನು ಬರೆದಿದೆ ಎಂಬುದನ್ನು. ಶೇಕಡಾ ಎಷ್ಟು ಎಂಬ ಅಂಕಿಗಿಂತ ಅದರ ಹಿಂದಿರುವ ಪದಗಳೇ ಹೆಚ್ಚು ಹೇಳುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಎನ್ನುವುದು ಒಂದಲ್ಲ, ಎರಡು ಕೆಲಸ. ಮೊದಲು ನಿಮ್ಮ ಮಾತುಕತೆಗಳ ಒಂದು ಪ್ರತಿ ಫೋನಿನೊಳಗೇ ತಯಾರಾಗುತ್ತದೆ. ಆಮೇಲೆ ಆ ಪ್ರತಿ, ಜೊತೆಗೆ ಫೋಟೊ, ಆಡಿಯೊ, ನೀವು ಹೇಳಿದ್ದರೆ ವಿಡಿಯೊಗಳೂ, ಗೂಗಲ್ ಖಾತೆಗೆ ಅಪ್‌ಲೋಡ್ ಆಗುತ್ತವೆ. ಮೊದಲ ಹಂತದಲ್ಲೇ ನಿಂತಿದ್ದರೆ ವೈಫೈ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ಎರಡನೆಯದರಲ್ಲಿ ನಿಂತಿದ್ದರೆ ಫೋನಿನ ಫೋಟೊ ಅಳಿಸುತ್ತ ಕೂತರೆ ಸುಮ್ಮನೆ ಹೊತ್ತು ಹೋಗುತ್ತದೆ.

ಹೀಗಾಗಿ ಹುಡುಕಬೇಕಾದ ಜಾಗಗಳು ಮೂರು: ಫೋನಿನ ಒಳಗಿನ ಜಾಗ, ಗೂಗಲ್ ಖಾತೆಯ ಜಾಗ, ಇವೆರಡರ ನಡುವಿನ ನೆಟ್‌ವರ್ಕ್. ಇದೇ ಕ್ರಮದಲ್ಲಿ ಹೋಗೋಣ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೂರನೇ ಮಹಡಿಯ ಮಾವನ ಫೋನನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಊರಿನ ಗುಂಪು, ಸಂಘದ ಗುಂಪು, ಯಕ್ಷಗಾನದ ಎರಡು ಮೂರು ಗುಂಪು, ಎಲ್ಲದರಲ್ಲೂ ಇದ್ದಾರೆ. "ಒಂದು ವಾರದಿಂದ ಇದು ಹೀಗೇ ತಿರುಗ್ತಾ ಉಂಟು ಮಾರಾಯ, ಹೊಸ ಫೋನ್ ತಂದು ಕಪಾಟಿನಲ್ಲಿ ಇಟ್ಟಿದ್ದೇನೆ" ಎಂದು ಅವರ ದೂರು.

ಮೊದಲು ಬ್ಯಾಕಪ್ ಪುಟ ಓದಿ

ವಾಟ್ಸ್‌ಆ್ಯಪ್ ತೆರೆದು Settings, ಅದರಲ್ಲಿ Chats, ಅದರಲ್ಲಿ Chat backup ಒತ್ತಿ. ಮೇಲ್ಗಡೆ ಎರಡು ಸಮಯಗಳು ಕಾಣುತ್ತವೆ. ಒಂದು ಫೋನಿನೊಳಗಿನ ಪ್ರತಿಯದು, ಇನ್ನೊಂದು ಗೂಗಲ್‌ಗೆ ಹೋದ ಪ್ರತಿಯದು. ಒಳಗಿನ ಪ್ರತಿ ಸಾಮಾನ್ಯವಾಗಿ ದಿನಾ ಬೆಳಗಿನ ಜಾವ ಎರಡು ಗಂಟೆಗೆ ತಾನಾಗಿ ಆಗುತ್ತದೆ. ಅಲ್ಲಿ ಇವತ್ತಿನ ಸಮಯ ಇದ್ದು, ಗೂಗಲ್ ಕಡೆ ಎರಡು ತಿಂಗಳ ಹಿಂದಿನ ತಾರೀಕು ಇದ್ದರೆ ಫೋನು ತನ್ನ ಕೆಲಸ ಮಾಡುತ್ತಿದೆ, ತೊಂದರೆ ಅದರಾಚೆ ಇದೆ ಎಂದರ್ಥ. ಎರಡೂ ಹಳೆಯದಾಗಿದ್ದರೆ ಮೊದಲು ಫೋನಿನ ಜಾಗ ನೋಡಿ.

ಫೋನಿನ Settings ಒಳಗೆ Storage ನೋಡಿದರೆ ಎಷ್ಟು ಖಾಲಿ ಇದೆ ಎಂದು ತಿಳಿಯುತ್ತದೆ. ಒಳಗಿನ ಪ್ರತಿಗಳು `Android/media/com.whatsapp/WhatsApp/Databases` ಎಂಬ ಫೋಲ್ಡರಿನಲ್ಲಿ ಕೂರುತ್ತವೆ, ಹಿಂದಿನ ಕೆಲವು ದಿನಗಳದ್ದೂ ಸೇರಿ. ಮಾತುಕತೆಯ ಒಂದು ಫೈಲ್ ಅರ್ಧ ಜಿಬಿ ಇದ್ದರೆ ಅಂಥ ಕೆಲವು ಅಲ್ಲಿರುತ್ತವೆ, ಹೊಸದನ್ನು ಬರೆಯಲು ಇನ್ನೊಂದಷ್ಟು ಜಾಗ ಬೇಕು. ಒಂದೆರಡು ಜಿಬಿಯಾದರೂ ಖಾಲಿ ಇಲ್ಲದ ಫೋನಿನಲ್ಲಿ ಬ್ಯಾಕಪ್ ಶುರುವಾಗುವ ಮುಂಚೆಯೇ ನಿಲ್ಲುವುದು ಇದಕ್ಕೇ. ಆದರೆ ಆ ಫೋಲ್ಡರಿಗೆ ಕೈ ಹಾಕಿ ಫೈಲ್ ಅಳಿಸಬೇಡಿ. ಗೂಗಲ್ ಕಡೆಯ ಪ್ರತಿ ಹಳೆಯದಾಗಿರುವಾಗ ನಿಮ್ಮ ಬಳಿ ಉಳಿದಿರುವ ಆಧಾರ ಅದೊಂದೇ.

ಮಾವನ ಫೋನಿನಲ್ಲಿ ಒಳಗಿನ ಪ್ರತಿ ಅಂದಿನದೇ ಇತ್ತು. ಗೂಗಲ್ ಪ್ರತಿ ಗಣೇಶ ಚೌತಿಗೂ ಹಿಂದಿನದು.

ಖಾತೆಯ ಜಾಗ: ಯಾರ ಖಾತೆ ಎಂದೂ ನೋಡಿ

ಆಂಡ್ರಾಯ್ಡಿನ ವಾಟ್ಸ್‌ಆ್ಯಪ್ ಬ್ಯಾಕಪ್ ಮೊದಲು ಗೂಗಲ್‌ನ ಜಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಷ್ಟು ದೊಡ್ಡದಿದ್ದರೂ ಪುಕ್ಕಟೆ. 2023ರ ಕೊನೆಯಿಂದ ಹಂತ ಹಂತವಾಗಿ ಅದು ಬದಲಾಯಿತು. ಈಗ ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೊಸ್ ಜೊತೆ ವಾಟ್ಸ್‌ಆ್ಯಪ್ ಕೂಡ ಪಾಲು ಕೇಳುತ್ತದೆ. ವರ್ಷಗಟ್ಟಲೆ ತೊಂದರೆಯಿಲ್ಲದೆ ಆಗುತ್ತಿದ್ದ ಬ್ಯಾಕಪ್ ಏಕಾಏಕಿ ಕೈಕೊಟ್ಟಿದ್ದರೆ ಹೆಚ್ಚಿನ ಸಲ ಕಾರಣ ಇದು.

ಬ್ರೌಸರಿನಲ್ಲಿ `one.google.com/storage` ತೆರೆದರೆ ಯಾವುದು ಎಷ್ಟು ತಿಂದಿದೆ ಎಂಬ ಲೆಕ್ಕ ಸಿಗುತ್ತದೆ. ಆದರೆ ತೆರೆಯುವ ಮುಂಚೆ Chat backup ಪುಟದಲ್ಲಿ Google Account ಎಂಬಲ್ಲಿ ಯಾವ ಇಮೇಲ್ ಇದೆ ಎಂದು ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಇದೇ ದೊಡ್ಡ ಗೋಜಲು. ಅಪ್ಪ ಅಮ್ಮನ ಫೋನ್ ಖರೀದಿ ಮಾಡಿದ ದಿನ ಮಗನೋ ಮಗಳೋ ತಮ್ಮದೇ ಜಿಮೇಲ್ ಹಾಕಿ ಕೊಟ್ಟಿರುತ್ತಾರೆ, ಆಮೇಲೆ ಎಲ್ಲರೂ ಮರೆತಿರುತ್ತಾರೆ.

ಮಾವನ ಫೋನಿನಲ್ಲಿದ್ದದ್ದು ಪುಣೆಯಲ್ಲಿ ಕೆಲಸಕ್ಕಿರುವ ಮಗನ ಖಾತೆ. ಮಗನಿಗೆ ಫೋನ್ ಮಾಡಿ ಲೆಕ್ಕ ನೋಡಿಸಿದೆವು. ಫೋಟೊಸ್‌ನಲ್ಲಿ 8.1 ಜಿಬಿ, ಜಿಮೇಲ್‌ನಲ್ಲಿ 1.6, ಮಗನ ವಾಟ್ಸ್‌ಆ್ಯಪ್ 2.2, ಅಪ್ಪನ ವಾಟ್ಸ್‌ಆ್ಯಪ್ 2.9. ಒಟ್ಟು 14.8 ಜಿಬಿ. ಉಳಿದದ್ದು 200 ಎಂಬಿ. ಅಪ್ಪನ ಕಡೆಯಿಂದ ಹೊಸದಾಗಿ ಹೋಗಬೇಕಾದದ್ದೇ ಅದರ ಹಲವು ಪಟ್ಟು. ಇಲ್ಲಿ ಅಪ್ಪ ಡೊಂಬಿವಲಿಯಲ್ಲಿ ಕೂತು ಒಂದೊಂದೇ ವಿಡಿಯೊ ಅಳಿಸುತ್ತಿದ್ದರೆ, ಅಲ್ಲಿ ಮಗ ಲೋಣಾವಳಕ್ಕೆ ಹೋದ ಒಂದು ಭಾನುವಾರದ ಫೋಟೊಗಳಿಂದ ಆ ಜಾಗ ತುಂಬುತ್ತಿತ್ತು. ಖಾತೆ ಪೂರ್ತಿ ತುಂಬಿದರೆ ಜಿಮೇಲ್‌ಗೆ ಬರುವ ಪತ್ರಗಳೂ ನಿಲ್ಲುತ್ತವೆ, ಆ ಗಂಡಾಂತರಕ್ಕೆ ಮಗ ಇನ್ನು 200 ಎಂಬಿ ದೂರದಲ್ಲಿದ್ದ.

ಖಾತೆ ನಿಮ್ಮದೇ ಆಗಿದ್ದು ತುಂಬಿದ್ದರೆ ಒಂದು ವಿಷಯ ತಪ್ಪದೆ ನೋಡಿ. ಗೂಗಲ್ ಫೋಟೊಸ್ ಆ್ಯಪ್‌ನ ಬ್ಯಾಕಪ್ ಸೆಟ್ಟಿಂಗಿನಲ್ಲಿ Back up device folders ಎಂದಿದೆ. ಅದರಲ್ಲಿ WhatsApp Images, WhatsApp Video ಫೋಲ್ಡರುಗಳು ಆನ್ ಆಗಿದ್ದರೆ ಒಂದೇ ವಿಡಿಯೊ ನಿಮ್ಮ 15 ಜಿಬಿಯಲ್ಲಿ ಎರಡು ಸಲ ಕೂತಿರುತ್ತದೆ: ಫೋಟೊಸ್‌ನಲ್ಲಿ ಒಮ್ಮೆ, ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ಇನ್ನೊಮ್ಮೆ. ಒಂದು ಕಡೆ ಆಫ್ ಮಾಡಿ. ಆಫ್ ಮಾಡಿದ ಮಾತ್ರಕ್ಕೆ ಈಗಾಗಲೇ ಹೋದದ್ದು ವಾಪಸ್ ಬರುವುದಿಲ್ಲ, ಅಳಿಸಲೇಬೇಕು. ಇಲ್ಲಿ ಒಂದು ಎಚ್ಚರಿಕೆ: ಫೋಟೊಸ್ ಆ್ಯಪ್‌ನಿಂದ ಅಳಿಸಿದರೆ ಫೋನಿನಲ್ಲಿರುವುದೂ ಹೋಗುತ್ತದೆ. ಬೇಕಾದ ಮದುವೆ ವಿಡಿಯೊಗಳನ್ನು ಮೊದಲು ಲ್ಯಾಪ್‌ಟಾಪಿಗೋ ಪೆನ್ ಡ್ರೈವಿಗೋ ಹಾಕಿಟ್ಟುಕೊಂಡು ಆಮೇಲೆ ಶುರುಮಾಡಿ. ಅಳಿಸಿದ್ದು ಕಸದಬುಟ್ಟಿಯಲ್ಲಿ ಇರುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಫೋಟೊಸ್‌ನಲ್ಲಿ ಅದು 60 ದಿನ ಹಾಗೇ ಇರುತ್ತದೆ, ಜಿಮೇಲ್ ಮತ್ತು ಡ್ರೈವ್‌ನಲ್ಲಿ 30 ದಿನ. ಅಳಿಸಿಯೂ ಜಾಗ ಹಾಗೇ ಇದೆ ಎನ್ನುವವರು ಬುಟ್ಟಿ ಖಾಲಿ ಮಾಡಿರುವುದಿಲ್ಲ, ಅಷ್ಟೇ.

ವಾಟ್ಸ್‌ಆ್ಯಪ್‌ನ ಭಾರ ಇಳಿಸುವುದು

Settings ಒಳಗೆ Storage and data, ಅದರಲ್ಲಿ Manage storage. ಇಲ್ಲಿ ಎರಡು ಗುಂಪು ಮೊದಲೇ ವಿಂಗಡಿಸಿ ಇಟ್ಟಿರುತ್ತದೆ: ಹಲವು ಸಲ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು. ಮೊದಲನೆಯದರಲ್ಲಿ ಸಿಗುವುದೆಲ್ಲ ಶುಭೋದಯ, ಮನೆಮದ್ದು, ಐದು ಗುಂಪಿನಿಂದ ಬಂದ ಒಂದೇ ವಿಡಿಯೊ. ಯೋಚಿಸದೆ ಅಳಿಸಬಹುದು ಎಂದೇ ನನ್ನ ಅಭಿಪ್ರಾಯ. ಎರಡನೆಯದನ್ನು ಮಾತ್ರ ಕಣ್ಣಿಟ್ಟು ನೋಡಿ, ಮನೆಯ ವಿಡಿಯೊಗಳೂ ಅಲ್ಲೇ ಇರುತ್ತವೆ. ಕೆಳಗೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ದೊಡ್ಡದರಿಂದ ಚಿಕ್ಕದಕ್ಕೆ ಇರುತ್ತದೆ. ಮಾವನ ಫೋನಿನಲ್ಲಿ ಮೇಲಿನ ಸ್ಥಾನ ಯಕ್ಷಗಾನದ ಗುಂಪಿಗೇ. ರಾತ್ರಿಯಿಡೀ ಆಟದ ತುಣುಕುಗಳು, ಒಂದೊಂದೂ 40, 60 ಎಂಬಿ. "ಇದು ಬಿಡ್ಲಿಕ್ಕಿಲ್ಲ" ಎಂದು ಅವರು ಆರಿಸಿದ್ದನ್ನು ಪೆನ್ ಡ್ರೈವಿಗೆ ಹಾಕಿ ಉಳಿದದ್ದು ತೆಗೆದೆವು.

ವಿಡಿಯೊಗಳೇ ಬೇಡ ಎನ್ನುವವರು Chat backup ಪುಟದಲ್ಲಿ Include videos ಆಫ್ ಮಾಡಿದರೆ ಸಾಕು. ಬ್ಯಾಕಪ್‌ನ ಗಾತ್ರ ಒಮ್ಮೆಗೇ ಅರ್ಧಕ್ಕಿಂತ ಕೆಳಗೆ ಇಳಿಯುವುದನ್ನು ಎಷ್ಟೋ ಫೋನಿನಲ್ಲಿ ನೋಡಿದ್ದೇನೆ. ಬರಹ, ಫೋಟೊ, ಧ್ವನಿ ಸಂದೇಶ ಎಲ್ಲ ಹೋಗುತ್ತವೆ, ವಿಡಿಯೊ ಮಾತ್ರ ಹಳೆಯ ಫೋನಿನಲ್ಲೇ ಉಳಿಯುತ್ತದೆ ಎಂಬುದು ನೆನಪಿರಲಿ.

ವಾಟ್ಸ್‌ಆ್ಯಪ್‌ನಲ್ಲಿ ಅಳಿಸಿದ ತಕ್ಷಣ ಗೂಗಲ್ ಖಾತೆ ಹಗುರಾಗುವುದಿಲ್ಲ. ಮುಂದಿನ ಬ್ಯಾಕಪ್ ಯಶಸ್ವಿಯಾಗಿ ಮುಗಿದ ಮೇಲೆಯೇ ಆ ಜಾಗ ಬಿಡುವುದು. ಖಾತೆ ಅಂಚಿನವರೆಗೆ ತುಂಬಿದ್ದರೆ ಆ ಬ್ಯಾಕಪ್ ಮುಗಿಯುವುದೇ ಇಲ್ಲ, ಜಾಗವೂ ಬಿಡುವುದಿಲ್ಲ. ಈ ಗಂಟು ಬಿಡಿಸಲು ಒಂದೆರಡು ಜಿಬಿಯನ್ನು ಫೋಟೊಸ್ ಅಥವಾ ಜಿಮೇಲ್‌ನ ದೊಡ್ಡ ಪತ್ರಗಳಿಂದ ಬಿಡಿಸಿಕೊಳ್ಳಿ. ಜಿಮೇಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಬರೆದರೆ 10 ಎಂಬಿಗಿಂತ ದೊಡ್ಡ ಪತ್ರಗಳು ಬರುತ್ತವೆ:

```
larger:10M
```

ಮಾವನ ವಿಷಯದಲ್ಲಿ ನಾವು ಬೇರೆ ದಾರಿ ಹಿಡಿದೆವು. ಅವರದೇ ಹೆಸರಿನಲ್ಲಿ ಹೊಸ ಗೂಗಲ್ ಖಾತೆ ತೆರೆದು, ಅವರ ನಂಬರನ್ನೇ ಮರುಪಡೆಯುವ ನಂಬರಾಗಿ ಕೊಟ್ಟು, ಪಾಸ್‌ವರ್ಡನ್ನು ಅವರ ಲೆಕ್ಕದ ಡೈರಿಯಲ್ಲಿ ಬರೆಸಿದೆವು. Chat backup ಪುಟದಲ್ಲಿ Google Account ಒತ್ತಿ ಹೊಸದನ್ನು ಆರಿಸಿದರೆ ಆಯಿತು. ಖಾಲಿ 15 ಜಿಬಿ ಸಿಕ್ಕಿತು. ಒಂದೇ ಅನನುಕೂಲವೆಂದರೆ ಹೊಸ ಖಾತೆಯಲ್ಲಿ ಹಳೆಯದೇನೂ ಇಲ್ಲದ ಕಾರಣ ಮೊದಲಿನಿಂದ ಎಲ್ಲವೂ ಹೋಗಬೇಕು. ಹೊಸ ಖಾತೆಯಲ್ಲಿ ಪೂರ್ತಿ ಮುಗಿಯುವವರೆಗೆ ಮಗನ ಖಾತೆಯಲ್ಲಿದ್ದ ಹಳೆಯ ಪ್ರತಿ ಅಳಿಸಬೇಡ ಎಂದೂ ಹೇಳಿದೆವು.

ನೆಟ್‌ವರ್ಕ್: ಕಾಯುವ ಮುಂಚೆ ಲೆಕ್ಕ ಹಾಕಿ

ಬ್ಯಾಕಪ್‌ಗೆ ಬೇಕಾದದ್ದು ಅಪ್‌ಲೋಡ್ ವೇಗ. ಸಿನಿಮಾ ನೋಡುವಾಗ ಬೇಕಾದದ್ದು ಡೌನ್‌ಲೋಡ್. ಬ್ರಾಡ್‌ಬ್ಯಾಂಡ್‌ನವರು ಜಾಹೀರಾತಿನಲ್ಲಿ ಹೇಳುವುದು ಬಹುಪಾಲು ಡೌನ್‌ಲೋಡ್ ವೇಗವನ್ನೇ. ಕೆಲವು ಕೇಬಲ್ ಲೈನುಗಳಲ್ಲಿ ಅಪ್‌ಲೋಡ್ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಫೋನಿನ ಬ್ರೌಸರಿನಲ್ಲಿ `fast.com` ತೆರೆಯಿರಿ, ಮೊದಲ ಅಂಕಿ ಬಂದ ಮೇಲೆ Show more info ಒತ್ತಿ. ಅಪ್‌ಲೋಡ್ ಅಂಕಿ ಅಲ್ಲಿ ಬರುತ್ತದೆ. ಫೋನನ್ನು ಚಾರ್ಜಿಗೆ ಇಡುವ ಜಾಗದಲ್ಲೇ ನಿಂತು ಅಳೆಯಿರಿ. ಹಾಲ್‌ನಲ್ಲಿ ರೂಟರ್, ಎರಡು ಗೋಡೆ ದಾಟಿ ಮಲಗುವ ಕೋಣೆಯಲ್ಲಿ ಚಾರ್ಜರ್ ಎಂದಿದ್ದರೆ ಹಾಲ್‌ನಲ್ಲಿ ಅಳೆದ ವೇಗ ಕೆಲಸಕ್ಕೆ ಬಾರದು.

ಲೆಕ್ಕ ಸುಲಭ. ಗಾತ್ರ ಜಿಬಿಯಲ್ಲಿರುತ್ತದೆ, ವೇಗ ಸೆಕೆಂಡಿಗೆ ಮೆಗಾಬಿಟ್‌ನಲ್ಲಿ. ಒಂದು ಬೈಟ್‌ಗೆ ಎಂಟು ಬಿಟ್.

```
ಸೆಕೆಂಡು = ಜಿಬಿ × 8000 ÷ ಅಪ್‌ಲೋಡ್ ವೇಗ
```

ಮಾವನ ಮನೆಯ ಅಪ್‌ಲೋಡ್ ವೇಗ 4 ಎಂಬಿಪಿಎಸ್ ಬಂತು. ಭಾರ ಇಳಿಸಿದ ಮೇಲೆ ಹೋಗಬೇಕಾದದ್ದು 3.6 ಜಿಬಿ. 3.6ನ್ನು 8000ದಿಂದ ಗುಣಿಸಿ 4ರಿಂದ ಭಾಗಿಸಿದರೆ 7200 ಸೆಕೆಂಡು, ಅಂದರೆ ಎರಡು ಗಂಟೆ. ನಿಜದಲ್ಲಿ ಮೂರಕ್ಕೆ ಹತ್ತಿರ ಹಿಡಿಯಿತು. ಸಾವಿರಾರು ಚಿಕ್ಕ ಚಿಕ್ಕ ಫೋಟೊಗಳು ಒಂದೊಂದಾಗಿ ಹೋಗಬೇಕಾದಾಗ ಪ್ರತಿಯೊಂದಕ್ಕೂ ಕೊಟ್ಟು ಕೇಳುವ ವ್ಯವಹಾರ ಇರುತ್ತದೆ, ಒಂದು ದೊಡ್ಡ ಫೈಲಿನಷ್ಟು ಓಡುವುದಿಲ್ಲ. ಲೆಕ್ಕಕ್ಕಿಂತ ಅರ್ಧ ಪಟ್ಟು ಹೆಚ್ಚು ಹಿಡಿದರೆ ಸಹಜ. ಲೆಕ್ಕ ಎರಡು ಗಂಟೆ ಹೇಳಿ ಎರಡು ದಿನವಾದರೂ ಮುಗಿಯದಿದ್ದರೆ ಬೇರೆ ಏನೋ ತಡೆದಿದೆ.

ಅಂಥ ತಡೆ ಮಾವನ ಫೋನಿನಲ್ಲೇ ಎರಡು ಇದ್ದವು. Back up using cellular ಎಂಬುದು ಆನ್ ಇತ್ತು. ದಿನಕ್ಕೆ 1.5 ಜಿಬಿಯ ಪ್ಯಾಕ್. ಬೆಳಿಗ್ಗೆ ಅವರು ಲೋಕಲ್ ಹಿಡಿದು ಮಾಟುಂಗಕ್ಕೆ ಹಳೆ ಸ್ನೇಹಿತರನ್ನು ನೋಡಲು ಹೊರಟರೆ ದಾರಿಯಲ್ಲೇ ಬ್ಯಾಕಪ್ ಆ ಪ್ಯಾಕನ್ನು ತಿಂದು ಮುಗಿಸುತ್ತಿತ್ತು. ಪ್ಯಾಕ್ ಮುಗಿದ ಮೇಲೆ ಅವರ ಪ್ಲಾನಿನಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಜಿಬಿ ಹೋಗಲು ಸುಮಾರು 35 ಗಂಟೆ ಬೇಕು. ಪರದೆಯಲ್ಲಿ ನೆಟ್ ಇದೆ ಎಂದೇ ತೋರಿಸುತ್ತದೆ, ಬರಹದ ಸಂದೇಶಗಳೂ ಬರುತ್ತವೆ, ಬ್ಯಾಕಪ್ ಮಾತ್ರ ಅಲುಗುವುದಿಲ್ಲ. ಆ ಸೆಟ್ಟಿಂಗ್ ಆಫ್ ಮಾಡಿದೆವು. ರೈಲ್ವೆ ನಿಲ್ದಾಣದ ಉಚಿತ ವೈಫೈ ಕೂಡ ಇದಕ್ಕಲ್ಲ. ಅರ್ಧ ಗಂಟೆ, 1 ಎಂಬಿಪಿಎಸ್ ಎಂದರೆ 225 ಎಂಬಿ, ಅದೂ ಒಂದೇ ಕಡೆ ನಿಂತಿದ್ದರೆ.

ಎರಡನೆಯ ತಡೆ ಕಂಡುಹಿಡಿದದ್ದು ಅತ್ತೆ. ಬ್ಯಾಕಪ್ ದಿನಾ ತಾನಾಗಿ ಆಗಲಿ ಎಂದು ಇಟ್ಟಿದ್ದರೆ ಅದು ನಡುರಾತ್ರಿಯ ಹೊತ್ತಿಗೆ ಶುರುವಾಗುತ್ತದೆ. "ರೂಟರ್ ನಾನು ಹತ್ತೂವರೆಗೆ ಆಫ್ ಮಾಡಿಯೇ ಮಲಗುವುದಲ್ವಾ" ಎಂದರು ಅವರು. ಕರೆಂಟ್ ಬಿಲ್ ಉಳಿಸಲು ಎಷ್ಟು ಮನೆಗಳಲ್ಲಿ ಇದೇ ರೂಢಿ! ಉಳಿಯುವುದು ಅಲ್ಪಸ್ವಲ್ಪ, ಅದನ್ನೂ ಉಳಿಸಲೇಬೇಕೆಂದರೆ ಬ್ಯಾಕಪ್ಪನ್ನು ಕೈಯಾರೆ ಒತ್ತುವ ಹಾಗೆ ಇಟ್ಟುಕೊಂಡು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ Back up ಒತ್ತಿ, ಫೋನ್ ಚಾರ್ಜಿಗೆ ಹಾಕಿ ಮಲಗಬಹುದು.

ರೂಟರ್ ಆನ್ ಇದ್ದೂ ರಾತ್ರಿ ಆಗದಿದ್ದರೆ ಫೋನಿನ ಉಳಿತಾಯ ಸೆಟ್ಟಿಂಗುಗಳನ್ನು ನೋಡಿ. ಫೋನಿನ Settings, Apps, WhatsApp, Battery ಎಂಬಲ್ಲಿ Unrestricted ಮಾಡಿ. ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತವೆ, ಕೆಲವದರಲ್ಲಿ Autostart ಎಂಬುದೂ ಬೇರೆ ಇರುತ್ತದೆ. Data Saver ಆನ್ ಇದ್ದರೆ ಆಫ್ ಮಾಡಿ. ಇನ್ನೊಬ್ಬರ ಹಾಟ್‌ಸ್ಪಾಟಿಗೆ ಜೋಡಿಸಿದಾಗ ಫೋನು ಅದನ್ನು ಸಾಮಾನ್ಯವಾಗಿ ಲೆಕ್ಕ ಹಾಕಿ ಖರ್ಚು ಮಾಡಬೇಕಾದ ನೆಟ್ ಎಂದೇ ತಿಳಿಯುತ್ತದೆ, ಆಗ Data Saver ಹಿನ್ನೆಲೆಯ ಕೆಲಸಗಳಿಗೆ ತಡೆ ಹಾಕುತ್ತದೆ. ವಿಪಿಎನ್ ಇದ್ದರೆ ಒಮ್ಮೆ ಆಫ್ ಮಾಡಿ ನೋಡಿ.

ಐಫೋನ್‌ನವರಿಗೆ ಎರಡು ಮಾತು. ಅಲ್ಲಿ ಬ್ಯಾಕಪ್ ಐಕ್ಲೌಡ್‌ಗೆ ಹೋಗುತ್ತದೆ, ಉಚಿತ ಜಾಗ 5 ಜಿಬಿ ಮಾತ್ರ. ಬ್ಯಾಕಪ್‌ನ ಗಾತ್ರದ 2.05 ಪಟ್ಟು ಖಾಲಿ ಜಾಗ ಐಕ್ಲೌಡ್‌ನಲ್ಲೂ ಫೋನಿನಲ್ಲೂ ಇರಬೇಕೆಂದು ವಾಟ್ಸ್‌ಆ್ಯಪ್ ಹೇಳುತ್ತದೆ. 3 ಜಿಬಿ ಬ್ಯಾಕಪ್‌ಗೆ 6 ಜಿಬಿಗಿಂತ ಹೆಚ್ಚು ಬೇಕಾಯಿತು, ಅಂದರೆ ಪುಕ್ಕಟೆ ಖಾತೆಯಲ್ಲಿ ಆಗದ ಮಾತು. ಐಕ್ಲೌಡ್ ಡ್ರೈವ್ ಆನ್ ಇದೆಯೇ ಎಂದೂ ನೋಡಿ.

ಆಯಿತೋ ಇಲ್ಲವೋ, ಮತ್ತು ಹೊಸ ಫೋನಿನಲ್ಲಿ

ಮುಗಿದ ಮೇಲೆ Chat backup ಪುಟದಲ್ಲಿ ಗೂಗಲ್ ಕಡೆಯ ತಾರೀಕು, ಗಾತ್ರ ನೋಡಿ. ಗೂಗಲ್ ಡ್ರೈವ್ ಆ್ಯಪ್‌ನ ಮೆನುವಿನಲ್ಲಿ Backups ಎಂಬಲ್ಲಿಯೂ ವಾಟ್ಸ್‌ಆ್ಯಪ್‌ನ ಸಾಲು ಕಾಣಬೇಕು. ಅದನ್ನು ತೆರೆದು ಓದಲು ಬರುವುದಿಲ್ಲ, ಇದೆ ಎಂದು ನೋಡಬಹುದಷ್ಟೇ. End-to-end encrypted backup ಆನ್ ಮಾಡಿದ್ದರೆ ಅದರ ಪಾಸ್‌ವರ್ಡ್ ನೆನಪಿದೆಯೇ ಎಂದು ಹಳೆಯ ಫೋನ್ ಕೈಯಲ್ಲಿರುವಾಗಲೇ ಪರೀಕ್ಷಿಸಿ. ಮರೆತಿದ್ದರೆ ಅದೇ ಫೋನಿನಿಂದ ಬದಲಾಯಿಸಬಹುದು. ಫೋನ್ ಹೋದ ಮೇಲೆ ಮರೆತದ್ದು ಗೊತ್ತಾದರೆ ಗೂಗಲ್ಲಾಗಲಿ ವಾಟ್ಸ್‌ಆ್ಯಪ್ ಆಗಲಿ ತೆರೆದುಕೊಡಲಾರವು.

ಎರಡೂ ಫೋನ್ ಆಂಡ್ರಾಯ್ಡ್ ಆಗಿದ್ದು ಎರಡೂ ಎದುರಿಗಿದ್ದರೆ ಕ್ಲೌಡ್ ಇಲ್ಲದೆಯೂ ದಾಟಿಸಬಹುದು. ಹಳೆಯ ಫೋನಿನ Settings, Chats, Transfer chats ಒತ್ತಿ, ಹೊಸ ಫೋನಿನಲ್ಲಿ ಕಾಣುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವೈಫೈ ಮೂಲಕ ಫೋನಿನಿಂದ ಫೋನಿಗೆ ನೇರ ಹೋಗುತ್ತದೆ. 2023ರಿಂದ ಈ ಸೌಲಭ್ಯವಿದೆ. ಖಾತೆಯ ಜಾಗವೂ ಬೇಡ, ಅಪ್‌ಲೋಡ್ ವೇಗವೂ ಬೇಡ. ಫೋನ್ ಬದಲಾಯಿಸುವುದೊಂದೇ ಉದ್ದೇಶವಾದರೆ ನನಗೆ ಇದೇ ಮೇಲು ಎನಿಸುತ್ತದೆ. ಫೋನ್ ಕಳೆದುಹೋದರೆ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ, ಅದಕ್ಕೆ ಕ್ಲೌಡ್ ಪ್ರತಿಯೇ ಬೇಕು.

ಕ್ಲೌಡ್‌ನಿಂದ ಇಳಿಸುವಾಗ ಹೊಸ ಫೋನಿನಲ್ಲಿ ಮೊದಲು ಅದೇ ಗೂಗಲ್ ಖಾತೆ ಸೇರಿಸಿ, ಅದೇ ನಂಬರಿನಿಂದ ವಾಟ್ಸ್‌ಆ್ಯಪ್ ತೆರೆಯಿರಿ. Restore ಎಂದು ಕೇಳಿದಾಗ ಅವಸರದಲ್ಲಿ Skip ಒತ್ತಿದರೆ ಖಾಲಿ ವಾಟ್ಸ್‌ಆ್ಯಪ್ ಶುರುವಾಗುತ್ತದೆ, ಆ ರಾತ್ರಿಯ ಬ್ಯಾಕಪ್ ನಿಮ್ಮ ಹಳೆಯ ಪ್ರತಿಯ ಮೇಲೆ ಬಂದು ಕೂರುವ ಅಪಾಯವಿದೆ. ಹಾಗೆ ಒತ್ತಿಬಿಟ್ಟಿದ್ದರೆ ಬ್ಯಾಕಪ್ ಆಗಲು ಬಿಡದೆ ಆ್ಯಪ್ ತೆಗೆದು ಮತ್ತೆ ಹಾಕಿ, ನಂಬರ್ ಕೊಟ್ಟು, ಈ ಸಲ Restore ಒತ್ತಿ. ಮೊದಲು ಬರಹಗಳು ಬರುತ್ತವೆ, ಫೋಟೊ ವಿಡಿಯೊಗಳು ಆಮೇಲೆ ಹಿನ್ನೆಲೆಯಲ್ಲಿ ಇಳಿಯುತ್ತವೆ. ಅವು ಪೂರ್ತಿ ಬಂದು ಮುಗಿಯುವವರೆಗೆ ಹಳೆಯ ಫೋನನ್ನು ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ.